ಈ ಶನಿವಾರ ರಾತ್ರಿ ಯಾವ ನಗೆಚಿತ್ರ ನೋಡಬೇಕು: ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ನಿನ್ನ ಬ್ಯಾಂಕಿನ ತಪಾಸಣೆ ಮುಗಿಯಿತೆಂದು ತಿಳಿದು ನಿರಾಳವಾಯಿತು. ತಲೆ ಇನ್ನೂ ಗುಂಯ್‌ಗುಡುತ್ತಿದೆ, ಶನಿವಾರ ರಾತ್ರಿ ಕೂತು ನಗುವಂಥ ಒಂದು ಸಿನಿಮಾ ಹೇಳು ಎಂದು ಕೇಳಿದ್ದೀಯೆ. ಹೆಸರುಗಳನ್ನು ಹೇಳಿ ಮುಗಿಸಬಹುದಿತ್ತು. ಆದರೆ ಒಳ್ಳೆಯ ನಗೆಚಿತ್ರಗಳೆಲ್ಲ ದಣಿದ ಮನುಷ್ಯನಿಗೆ ಒಗ್ಗುವುದಿಲ್ಲವೆಂಬುದು ನನ್ನ ಬಲವಾದ ಅಭಿಪ್ರಾಯವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನ ಮೊದಲ ಆಯ್ಕೆ 1990ರ ‘ಗಣೇಶನ ಮದುವೆ’. ಫಣಿ ರಾಮಚಂದ್ರ ನಿರ್ದೇಶಿಸಿದ, ಅನಂತನಾಗ್ ಮತ್ತು ವಿನಯಾಪ್ರಸಾದ್ ನಟಿಸಿದ ಚಿತ್ರ. ನೀನು ಇದನ್ನು ಟೀವಿಯಲ್ಲಿ ಅಲ್ಲೊಂದು ಇಲ್ಲೊಂದು ತುಂಡಾಗಿ ಖಂಡಿತ ನೋಡಿರುತ್ತೀಯೆ. ನಾನು ಹೇಳುತ್ತಿರುವುದು ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿಗೆ ನೋಡುವ ವಿಷಯ.

ಕಥೆ ನಡೆಯುವುದು ರಮಣಮೂರ್ತಿಯ ವಠಾರದಲ್ಲಿ. ಅಲ್ಲಿ ಬಾಡಿಗೆಗಿರುವ ಗಣೇಶನಿಗೂ ಮಾಲೀಕನ ಮಗಳು ಆದಿಲಕ್ಷ್ಮಿಗೂ ಮುಖ ಕಂಡರೆ ಆಗುವುದಿಲ್ಲ, ಎದುರಾದಾಗಲೆಲ್ಲ ಜಗಳ. ಅದೇ ಗಣೇಶ ಇನ್ನೊಂದು ಹೆಸರಿನಲ್ಲಿ ಶ್ರುತಿ ಎಂಬ ಗಾಯಕಿಗೆ ಮೆಚ್ಚುಗೆಯ ಪತ್ರಗಳನ್ನು ಬರೆಯುತ್ತಾನೆ, ಆಕೆಯೂ ಉತ್ತರಿಸುತ್ತಾಳೆ, ಪತ್ರಗಳಲ್ಲೇ ಪ್ರೀತಿ ಬೆಳೆಯುತ್ತದೆ. ಆ ಶ್ರುತಿ ಬೇರಾರೂ ಅಲ್ಲ, ಆದಿಲಕ್ಷ್ಮಿಯೇ. ಒಂದೇ ವಠಾರದಲ್ಲಿ ಬೆಳಗ್ಗೆ ಬೈದಾಡಿಕೊಂಡ ಇಬ್ಬರು ಕಾಗದದಲ್ಲಿ ಒಬ್ಬರಿಗೊಬ್ಬರು ಮನಸ್ಸು ಒಪ್ಪಿಸುತ್ತಿದ್ದಾರೆ, ಮತ್ತು ಅದು ಅವರಿಬ್ಬರನ್ನು ಬಿಟ್ಟು ನೋಡುವ ನಮಗೆಲ್ಲ ಗೊತ್ತಿದೆ.

ದಣಿದವನಿಗೆ ಈ ಚಿತ್ರ ಹಿತವಾಗುವುದಕ್ಕೆ ಕಾರಣ ಈ ‘ನಮಗೆ ಗೊತ್ತಿದೆ’ ಎಂಬುದರಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಇಡೀ ವಾರ ನೀನು ಮಾಡಿದ ಕೆಲಸವಾದರೂ ಏನು? ಮುಂದಿನ ಪ್ರಶ್ನೆ ಏನು ಬರುತ್ತದೋ, ಯಾವ ಫೈಲು ಕೇಳುತ್ತಾರೋ ಎಂದು ಕಾದಿರುವುದು. ಪತ್ತೇದಾರಿ ಚಿತ್ರ ಅದೇ ಕೆಲಸವನ್ನು ಮತ್ತೆ ಮಾಡಿಸುತ್ತದೆ. ಇಲ್ಲಿ ಮಾತ್ರ ಪಾತ್ರಗಳಿಗಿಂತ ಹೆಚ್ಚು ತಿಳಿದವನು ನೀನು. ಅವರು ಎಡವುವ ಮೊದಲೇ ಕಲ್ಲು ಎಲ್ಲಿದೆಯೆಂದು ನಿನಗೆ ಕಾಣುತ್ತದೆ. ಕೊನೆ ಏನಾಗುತ್ತದೆಂಬ ಆತಂಕವನ್ನಂತೂ ಶೀರ್ಷಿಕೆಯೇ ಪರಿಹರಿಸಿಬಿಟ್ಟಿದೆ. ಇನ್ನೊಂದು ಮಾತು: ಈ ಕಥೆಯಲ್ಲಿ ನಿಜವಾದ ಖಳನಿಲ್ಲ. ರಮಣಮೂರ್ತಿ ಗದರುತ್ತಾನೆ, ಕಿರಿಕಿರಿ ಮಾಡುತ್ತಾನೆ, ಆದರೆ ಅವನಿಂದ ಯಾರ ಬದುಕೂ ಹಾಳಾಗುವುದಿಲ್ಲ. ಆ ಪಾತ್ರ ಮಾಡಿದವರು ಮುಖ್ಯಮಂತ್ರಿ ಚಂದ್ರು. (ನಾಟಕವೊಂದರಲ್ಲಿ ಮುಖ್ಯಮಂತ್ರಿಯ ಪಾತ್ರ ಮಾಡಿ ಆ ಹೆಸರು ಪಡೆದವರು ಇಲ್ಲಿ ಬಾಡಿಗೆದಾರರನ್ನು ಆಳಲು ಪಡುವ ಪಾಡನ್ನು ನೋಡುವುದೇ ಒಂದು ಮೋಜು.)

ಅನಂತನಾಗ್ ಅವರ ನಟನೆಯಲ್ಲಿ ಒಂದನ್ನು ಗಮನಿಸು. ಅವರು ನಗಿಸಲು ಮುಖ ಸೊಟ್ಟ ಮಾಡುವುದಿಲ್ಲ, ದನಿಯನ್ನು ಎತ್ತರಿಸಿ ಚಪ್ಪಾಳೆಗಾಗಿ ನಿಲ್ಲುವುದೂ ಇಲ್ಲ. ಗಣೇಶನಿಗೆ ತನ್ನ ಜಗಳ ಬಹು ಗಂಭೀರವಾದ ವಿಷಯ. ಆ ಗಾಂಭೀರ್ಯವನ್ನು ಅವರು ಒಂದು ಕ್ಷಣವೂ ಸಡಿಲಿಸದಿರುವುದರಿಂದಲೇ ನಮಗೆ ನಗು ಬರುತ್ತದೆ. ಮೊಬೈಲಿನಲ್ಲಿ ಹರಿದಾಡುವ ಎರಡು ನಿಮಿಷದ ಹಾಸ್ಯದ ತುಣುಕುಗಳಲ್ಲಿ ಈ ಚಿತ್ರವನ್ನು ನೋಡಬೇಡ ಎನ್ನುವುದೂ ಇದಕ್ಕಾಗಿಯೇ. ಹಿಂದಿನ ಪತ್ರ ಯಾರಿಗೆ ಹೋಗಿತ್ತೆಂದು ನೆನಪಿಲ್ಲದವನಿಗೆ ಮುಂದಿನ ಜಗಳ ಬರೀ ಜಗಳವಾಗಿ ಕೇಳಿಸುತ್ತದೆ.

ಕೊರತೆಗಳಿಲ್ಲವೆಂದಲ್ಲ. ಆ ಕಾಲದ ಚಿತ್ರಗಳ ಹಾಗೆ ಇದೂ ಸಾವಧಾನವಾಗಿ ಸಾಗುತ್ತದೆ. ಮೊದಲ ಇಪ್ಪತ್ತು ನಿಮಿಷ ವಠಾರದ ಸಂಸಾರಗಳನ್ನು ಪರಿಚಯ ಮಾಡಿಕೊಳ್ಳುವ ತಾಳ್ಮೆ ಬೇಕು. ಹೆಣ್ಣುಮಕ್ಕಳ ಬಗೆಗಿನ ಕೆಲವು ಮಾತುಗಳು ಇಂದಿನ ಕಿವಿಗೆ ಸರಿಯಾಗಿ ಕೇಳಿಸಲಿಕ್ಕಿಲ್ಲ.

ಇದಾದ ಮೇಲೆ ಮರುವರ್ಷ ಅದೇ ಜೋಡಿ ಮಾಡಿದ ‘ಗೌರಿ ಗಣೇಶ’ವನ್ನೂ ಅದೇ ರಾತ್ರಿ ಹಾಕೋಣವೆಂದು ನಿನಗೆ ಅನ್ನಿಸಬಹುದು. ಅದು ಸೊಗಸಾದ ಚಿತ್ರ, ಕುಶಲತೆಯಲ್ಲಿ ಬಹುಶಃ ಮೊದಲಿನದಕ್ಕಿಂತ ಒಂದು ಕೈ ಮೇಲು. ಆದರೆ ಅದರ ಲಂಬೋದರ ಮೋಸ ಮಾಡಿ ಬದುಕುವವನು, ಅವನ ಸುಳ್ಳು ಎಲ್ಲಿ ಬಯಲಾಗುತ್ತದೋ ಎಂಬ ತುಡಿತ ಕಥೆಯುದ್ದಕ್ಕೂ ಇರುತ್ತದೆ. ಲೆಕ್ಕ ತಪಾಸಣೆಯಿಂದ ಎದ್ದು ಬಂದವನಿಗೆ ಅದು ಬೇಡ, ಮುಂದಿನ ವಾರಕ್ಕಿರಲಿ.

ನಿನ್ನ ತಂಗಿ ಸೂಚಿಸಿದಳೆಂದು ನೀನು ಬರೆದ ಎರಡು ಚಿತ್ರಗಳ ಬಗ್ಗೆ ಹೇಳುವುದಾದರೆ, ಎರಡನ್ನೂ ನಾನು ಮೆಚ್ಚುತ್ತೇನೆ, ಎರಡನ್ನೂ ಈ ವಾರ ನೋಡಬೇಡವೆನ್ನುತ್ತೇನೆ. ರಾಜ್ ಬಿ. ಶೆಟ್ಟಿ ಅವರ ‘ಒಂದು ಮೊಟ್ಟೆಯ ಕಥೆ’ (2017) ತಲೆ ಬೋಳಾದ ಕನ್ನಡ ಅಧ್ಯಾಪಕನೊಬ್ಬ ವಧುವಿಗಾಗಿ ಪಡುವ ಪಾಡಿನ ಕಥೆ. ಅಲ್ಲಿ ನಗು ಹುಟ್ಟುವುದೇ ಅವನಿಗಾಗುವ ಮುಜುಗರದಿಂದ, ಮತ್ತು ಆ ಮುಜುಗರವನ್ನು ಅವನ ಜೊತೆ ಕೂತು ನಾವೂ ಅನುಭವಿಸಬೇಕಾಗುತ್ತದೆ. ನಾಲ್ಕು ಜನರೆದುರು ಮೇಲಧಿಕಾರಿ ನಿನ್ನನ್ನು ನಿಲ್ಲಿಸಿ ಪ್ರಶ್ನಿಸಿದ ವಾರ ಅದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆಯೇ ಹೊರತು ಹಗುರವಾಗುವುದಿಲ್ಲ. ರಾಮ್ ರೆಡ್ಡಿ ಅವರ ‘ತಿಥಿ’ಯದು ಬೇರೆ ಸಂಗತಿ. ಮಂಡ್ಯ ಸೀಮೆಯ ಹಳ್ಳಿಯಲ್ಲಿ ವೃತ್ತಿಪರರಲ್ಲದ ಊರಿನವರನ್ನೇ ಪಾತ್ರಗಳಾಗಿಸಿ ತೆಗೆದ ಆ ಚಿತ್ರದಲ್ಲಿ, ಸೆಂಚುರಿ ಗೌಡ ತೀರಿಕೊಂಡು ಅವನ ಹನ್ನೊಂದನೆಯ ದಿನದ ತಿಥಿಯವರೆಗೆ ನಡೆಯುವುದೇ ಕಥೆ. ಬದುಕಿರುವ ಅಪ್ಪ ಗಡ್ಡಪ್ಪನನ್ನು ಸತ್ತನೆಂದು ಕಾಗದದಲ್ಲಿ ತೋರಿಸಿ ಜಮೀನು ಮಾರಲು ಹೊರಡುವ ಮಗನ ಪ್ರಸಂಗಕ್ಕೆ ನಗು ಬರುತ್ತದೆ, ಆದರೆ ಆ ನಗುವಿನ ಜೊತೆಗೇ ಸಾಲ, ದಾಖಲೆ, ಸುಳ್ಳು ಸಹಿಗಳೂ ಬರುತ್ತವೆ. ನಿನಗೆ ಅವುಗಳಿಂದ ತಾನೇ ಬಿಡುವು ಬೇಕಾಗಿರುವುದು.

ಭಾನುವಾರಕ್ಕೆ ಇನ್ನೊಂದು ಬೇಕೆಂದರೆ 2025ರ ‘ಸು ಫ್ರಮ್ ಸೋ’ ನೋಡು. ಜೆ.ಪಿ. ತುಮಿನಾಡು ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ತಾವೇ ಮಾಡಿದ್ದಾರೆ. ನಾಚಿಕೆಗೇಡಿನ ಸನ್ನಿವೇಶದಲ್ಲಿ ಸಿಕ್ಕಿಬಿದ್ದ ಅಶೋಕ ತಪ್ಪಿಸಿಕೊಳ್ಳಲು ಮೈಮೇಲೆ ಬಂದವನಂತೆ ಆಡುತ್ತಾನೆ. ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ಪ್ರೇತ ಅವನನ್ನು ಹಿಡಿದಿದೆಯೆಂದು ಊರಿಗೆ ಊರೇ ನಂಬಿಬಿಡುತ್ತದೆ. ಇಲ್ಲಿಯೂ ನಿಜ ಏನೆಂದು ನಮಗೆ ಮೊದಲೇ ಗೊತ್ತು, ಹಾಗಾಗಿ ದೆವ್ವದ ಕಥೆಯಾದರೂ ಹೆದರಿಕೆಯಿಲ್ಲ. ಆದರೆ ಇದನ್ನು ಒಬ್ಬನೇ ನೋಡಬೇಡ. ಇದರ ಹಾಸ್ಯ ಒಬ್ಬ ನಾಯಕನದಲ್ಲ, ಗುಂಪಿನದು: ಒಬ್ಬೊಬ್ಬರೂ ತಮಗೆ ತಿಳಿದ ಪರಿಹಾರ ಹೇಳುತ್ತಾ ಗೊಂದಲವನ್ನು ಬೆಳೆಸುತ್ತಾರೆ, ಆ ಗದ್ದಲಕ್ಕೆ ಈಚೆ ಕಡೆಯೂ ನಾಲ್ಕು ಜನರಿದ್ದರೆ ಚೆನ್ನ. ಕರಾವಳಿಯ ಮಾತಿನ ಧಾಟಿ ನಿಮ್ಮ ಹಾಸನದವರಿಗೆ ಮೊದಲು ಸ್ವಲ್ಪ ವೇಗವೆನಿಸೀತು. ಉತ್ತರಾರ್ಧದಲ್ಲಿ ಕಥೆ ಒಂದು ಹೆಣ್ಣಿನ ಕಷ್ಟದ ಕಡೆಗೆ ಹೊರಳುತ್ತದೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅತ್ತಿಗೆಯವರು ಇದನ್ನು ಬರೀ ತಮಾಷೆಯೆಂದುಕೊಂಡು ಕೂರಬಾರದು.

ಶನಿವಾರ ಊಟ ಬೇಗ ಮುಗಿಸಿ ಎಂಟಕ್ಕೆಲ್ಲ ಸಿನಿಮಾ ಹಾಕಿಬಿಡು. ಹನ್ನೊಂದಕ್ಕೆ ಹಾಕಿದರೆ ಪತ್ರಗಳ ಗುಟ್ಟು ರಟ್ಟಾಗುವ ಹೊತ್ತಿಗೆ ನಿದ್ದೆ ಹೋಗಿರುತ್ತೀಯೆ. ಹಾಗೇನಾದರೂ ಆದರೆ ಮರುದಿನ ಉಳಿದ ಭಾಗದಿಂದ ಹಿಡಿಯದೆ, ಅರ್ಧ ಗಂಟೆ ಹಿಂದಕ್ಕೆ ಹೋಗಿ ನೋಡು. ಅತ್ತಿಗೆಯವರಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದಗಳು.

ನಿನ್ನ,
ರಾಘು