ವೇಗದ ಸವಕಳಿಯ ಲಾಭ ಯಾರಿಗೆ ಸಿಗುತ್ತಿದೆ? ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಹಣಕಾಸು ಸಚಿವರಿಗೆ ನಮಸ್ಕಾರಗಳು.

ಯಂತ್ರ ಸವೆದಂತೆ ಅದರ ಬೆಲೆಯ ಒಂದೊಂದು ಪಾಲನ್ನು ವರ್ಷ ವರ್ಷ ಕಳೆದು ತೋರಿಸುವುದೇ ಸವಕಳಿ. ಯಂತ್ರಗಳ ಮೇಲೆ ಮೊದಲ ವರ್ಷಗಳಲ್ಲೇ ಜಾಸ್ತಿ ಸವಕಳಿ ಬರೆಯಲು ಬಿಟ್ಟರೆ ಹೂಡಿಕೆ ಹೆಚ್ಚುತ್ತದೆ ಅನ್ನುವ ಮಾತು ಬಜೆಟ್ ಹತ್ತಿರ ಬಂದಾಗಲೆಲ್ಲ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಅದು ಎಲ್ಲರಿಗೂ ಒಂದೇ ಥರ ಅನ್ವಯಿಸುವುದಿಲ್ಲ. ಹಲವು ವರ್ಷಗಳಿಂದ ಪ್ರಾಜೆಕ್ಟ್‌ಗಳ ಲೆಕ್ಕ ಹಾಕುವುದೇ ನನ್ನ ಕೆಲಸ. ಅಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಒಂದು ಯಂತ್ರ ತೆಗೆದುಕೊಳ್ಳೋಣ. ಬೆಲೆ 1000. ಬಾಳಿಕೆ 5 ವರ್ಷ, ಕೊನೆಗೆ ಗುಜರಿ ಬೆಲೆ ಏನೂ ಇಲ್ಲ. ತೆರಿಗೆ ದರ ಶೇ. 30. ಹೂಡಿದವರು ತಮ್ಮ ಹಣಕ್ಕೆ ಬಯಸುವ ಗಳಿಕೆ ಶೇ. 10. ಯಂತ್ರ ವರ್ಷಕ್ಕೆ 288 ತಂದುಕೊಡುತ್ತದೆ, ತೆರಿಗೆಗೆ ಮುಂಚೆ. ತೆರಿಗೆ ಕಳೆದರೆ 201.6. ಮುಂದೆ ಬರುವ ದುಡ್ಡಿಗೆ ಇಂದು ಕೈಯಲ್ಲಿರುವ ದುಡ್ಡಿನಷ್ಟು ಬೆಲೆಯಿಲ್ಲ, ಹಾಗಾಗಿ ಇಂಥ ಐದು ವರ್ಷದ ಹಣವನ್ನು ಅದೇ ಶೇ. 10ರ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ 764.2 ಆಗುತ್ತದೆ. ಹಾಕಿದ್ದು 1000, ಬಂದದ್ದು 764. ಉಳಿದದ್ದನ್ನು ಸವಕಳಿ ತುಂಬಿಕೊಡಬೇಕು.

ಸವಕಳಿ ಅಂದರೆ ಕೈಬಿಟ್ಟು ಹೋಗುವ ದುಡ್ಡಲ್ಲ. ಯಂತ್ರ ಕೊಂಡ ದಿನವೇ ದುಡ್ಡು ಹೋಗಿಯಾಯಿತು. ಆದರೆ ಪ್ರತಿ ವರ್ಷ ಅಷ್ಟಷ್ಟು ಸವಕಳಿಯನ್ನು ಲಾಭದಿಂದ ಕಳೆದು ತೋರಿಸಬಹುದು. ಕಳೆದ ಪ್ರತಿ 100ಕ್ಕೆ 30 ತೆರಿಗೆ ಉಳಿಯುತ್ತದೆ. ಹೂಡಿಕೆಯ ಲೆಕ್ಕಕ್ಕೆ ಬರುವುದು ಈ ಉಳಿತಾಯ ಮಾತ್ರ. ವಾರ್ಷಿಕ ವರದಿಯಲ್ಲಿ ಕಂಪನಿ ಬೇರೆ ರೀತಿ ಸವಕಳಿ ತೋರಿಸಿರಬಹುದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ತೆರಿಗೆ ಇಲಾಖೆ ಒಪ್ಪುವ ಸವಕಳಿ ಯಾವುದೋ ಅದನ್ನೇ ಹಿಡಿಯಬೇಕು. ಇಲ್ಲಿ ಎಡವುವವರು ಬಹಳ ಜನ.

ಸಮ ಕಂತಿನ ಪದ್ಧತಿಯಲ್ಲಿ ವರ್ಷಕ್ಕೆ 200 ಸವಕಳಿ, 60 ತೆರಿಗೆ ಉಳಿತಾಯ. ಐದು ವರ್ಷಕ್ಕೆ 300. ಇಂದಿನ ಬೆಲೆಯಲ್ಲಿ 227.4. ವೇಗದ ಪದ್ಧತಿಯಲ್ಲಿ ಮೊದಲ ಮೂರು ವರ್ಷ ಉಳಿದ ಬೆಲೆಯ ಮೇಲೆ ಶೇ. 40 ಕಳೆಯುತ್ತಾ ಹೋಗಿ, ಆಮೇಲೆ ಮಿಕ್ಕಿದ್ದನ್ನು ಎರಡು ಸಮ ಕಂತು ಮಾಡೋಣ. ಆಗ ಸವಕಳಿ 400, 240, 144, 108, 108. ತೆರಿಗೆ ಉಳಿತಾಯ 120, 72, 43.2, 32.4, 32.4. ಇದನ್ನೂ ಕೂಡಿ ನೋಡಿ, ಅದೇ 300. ಒಂದು ಪೈಸೆಯೂ ಜಾಸ್ತಿ ಇಲ್ಲ. ಆದರೆ ಬೇಗ ಕೈಸೇರುವುದರಿಂದ ಇದರ ಇಂದಿನ ಬೆಲೆ 243.3.

ವ್ಯತ್ಯಾಸ ಸುಮಾರು 15.9. ಸಾವಿರದ ಮುಂದೆ ಇದು ಚಿಕ್ಕದಾಗಿ ಕಾಣಬಹುದು. ಆದರೆ ಈ ಯಂತ್ರದ ನಿವ್ವಳ ಇಂದಿನ ಮೌಲ್ಯ, ಅಂದರೆ ಬರುವುದೆಲ್ಲದರ ಇಂದಿನ ಬೆಲೆಯಲ್ಲಿ ಹಾಕಿದ 1000 ಕಳೆದರೆ ಉಳಿಯುವುದು, ಸಮ ಕಂತಿನಲ್ಲಿ 8.3 ನಷ್ಟ, ವೇಗದ ಪದ್ಧತಿಯಲ್ಲಿ 7.5 ಲಾಭ. ಇಂಥದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಶೀಟಿನಲ್ಲಿ ಸವಕಳಿಯ ಒಂದೇ ಸಾಲು ಬದಲಾಯಿಸಿದೆವು, ಕೆಳಗೆ ಕೆಂಪಾಗಿದ್ದ ಅಂಕಿ ಕಪ್ಪಾಯಿತು. ಬೇಡ ಎಂದು ಎದ್ದು ನಿಂತಿದ್ದವರು ಮತ್ತೆ ಕೂತರು. ಅಂಚಿನಲ್ಲಿರುವ ಪ್ರಾಜೆಕ್ಟ್‌ಗಳಿಗೆ ಈ ನೀತಿ ನಿಜವಾಗಿಯೂ ಜೀವ ಕೊಡುತ್ತದೆ. ಹೇಗೂ ಚೆನ್ನಾಗಿದ್ದ ಪ್ರಾಜೆಕ್ಟ್‌ಗೆ ಮಾತ್ರ ಅದು ಸುಮ್ನೆ ಸಿಕ್ಕಿದ ದುಡ್ಡು.

ಈಗ ಬೊಕ್ಕಸದ ಕಡೆಯಿಂದ ನೋಡಿ. ವೇಗದ ಪದ್ಧತಿ ತಂದರೆ ಈ ಯಂತ್ರದಿಂದ ನಿಮಗೆ ಮೊದಲ ವರ್ಷ 60 ಕಡಿಮೆ ಬರುತ್ತದೆ, ಎರಡನೇ ವರ್ಷ 12 ಕಡಿಮೆ. ಮೂರನೇ ವರ್ಷದಿಂದ 16.8, 27.6, 27.6 ಜಾಸ್ತಿ ಬರುತ್ತದೆ. ಹೋದದ್ದು 72, ಬಂದದ್ದೂ 72. ಬಜೆಟ್ ಪುಸ್ತಕದಲ್ಲಿ ಮೊದಲ ವರ್ಷದ 60 ಮಾತ್ರ ಎದ್ದು ಕಾಣುತ್ತದೆ. ಅದನ್ನೇ ಖರ್ಚು ಎಂದು ತೋರಿಸುವುದು ತಪ್ಪು ಲೆಕ್ಕ. ಹಾಗಂತ ಎಲ್ಲ ವಾಪಸ್ ಬಂತಲ್ಲ, ಖರ್ಚೇ ಇಲ್ಲ ಅನ್ನುವುದೂ ಸರಿಯಲ್ಲ. ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಟ್ಟಿದೆ ಎಂದು ತಿಳಿದರೆ ಸರಿಹೋಗುತ್ತದೆ.

ಸಾಲದ ಬೆಲೆ ಬಡ್ಡಿ ದರದ ಮೇಲೆ ನಿಂತಿದೆ. ಸರ್ಕಾರಕ್ಕೆ ಶೇ. 3ಕ್ಕೆ ಸಾಲ ಸಿಗುತ್ತದೆ ಅಂದುಕೊಳ್ಳಿ. ಆಗ ಇದೇ ಯಂತ್ರಕ್ಕೆ ನಿಮ್ಮ ಖರ್ಚು ಬರೀ 5.9. ಶೇ. 10 ಬಯಸುವ ಹೂಡಿಕೆದಾರನಿಗೆ ಅದು 15.9ಕ್ಕೆ ಸಮ. ನೀತಿಯ ಬಲ ಇರುವುದು ಈ ಅಂತರದಲ್ಲಿ. ತೆರಿಗೆ ಉಳಿತಾಯ ಖಚಿತವಾಗಿ ಸಿಗುವಂಥದ್ದಾದರೆ ಅದಕ್ಕೆ ಶೇ. 10ಕ್ಕಿಂತ ಕಡಿಮೆ ದರ ಹಾಕಬೇಕು ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಆಗ ಅಂತರ ಕುಗ್ಗುತ್ತದೆ. ಆದರೆ ಕೈಯಲ್ಲಿ ದುಡ್ಡಿಲ್ಲದೆ ದುಬಾರಿ ಸಾಲ ತರುವವರಿಗೆ ಮೊದಲ ವರ್ಷದ ನಗದಿನ ಬೆಲೆ ಹೆಚ್ಚೇ ಇರುತ್ತದೆ.

ನನ್ನ ಸಂಕಟ ಇರುವುದು ಇಂಥವರ ಬಗ್ಗೆಯೇ. ಹೊಸದಾಗಿ ಶುರುಮಾಡುವವರನ್ನು ನೋಡಿ. ಅದೇ 1000ದ ಯಂತ್ರ, ಅದೇ ಸವಕಳಿ. ಆದರೆ ಮೊದಲೆರಡು ವರ್ಷ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ. ಮೂರನೇ ವರ್ಷದಿಂದ ವರ್ಷಕ್ಕೆ 500 ಬರುತ್ತದೆ. ಕಳೆಯಲು ಲಾಭವೇ ಇಲ್ಲದಿದ್ದರೆ ಮೊದಲ ವರ್ಷದ 400 ಸವಕಳಿ ಏನು ಮಾಡೀತು? ಮುಂದಿನ ವರ್ಷಕ್ಕೆ ಹೋಗಿ ಕಾಯುತ್ತಾ ಕೂರುತ್ತದೆ. ಹಳೆಯ ಬಾಕಿಯೆಲ್ಲ ಸೇರಿಸಿ ಲೆಕ್ಕ ಹಾಕಿದೆ. ಸಮ ಕಂತಿನಲ್ಲಿ ತೆರಿಗೆ ಉಳಿತಾಯದ ಇಂದಿನ ಬೆಲೆ 211.4, ವೇಗದ ಪದ್ಧತಿಯಲ್ಲಿ 213.1. ವ್ಯತ್ಯಾಸ ಬರೀ 1.7!

ಲಾಭದಲ್ಲಿರುವ ಹಳೇ ಕಂಪನಿಗೆ 15.9, ಹೊಸಬರಿಗೆ 1.7. ಯಂತ್ರ ಒಂದೇ, ಕಾನೂನು ಒಂದೇ. ಒಮ್ಮೆ ಒಬ್ಬ ಹೊಸ ಉದ್ಯಮಿಗೆ ಈ ಲೆಕ್ಕ ತೋರಿಸಬೇಕಾಗಿ ಬಂತು. ಅವರು ತಮ್ಮ ಕಾಗದದಲ್ಲಿ ಮೊದಲ ವರ್ಷದ ತೆರಿಗೆ ಉಳಿತಾಯವನ್ನು ಆದಾಯದ ಹಾಗೆ ಬರೆದು, ಅದನ್ನು ನಂಬಿ ಬ್ಯಾಂಕಿನ ಕಂತು ಗೊತ್ತುಮಾಡಿದ್ದರು. ನಾನು ಮೊದಲೆರಡು ಮನೆಯಲ್ಲಿ ಸೊನ್ನೆ ಹಾಕಿದೆ. ಅವರು ತುಂಬ ಹೊತ್ತು ಆ ಸೊನ್ನೆಗಳನ್ನೇ ನೋಡುತ್ತಿದ್ದರು. ಯೋಜನೆಯ ಪ್ರಚಾರ ಓದಿಯೇ ಅವರು ಅಷ್ಟು ಭರವಸೆ ಇಟ್ಟುಕೊಂಡಿದ್ದು, ಅಲ್ವಾ?

ಇದಕ್ಕೆ ದಾರಿ ಇದೆ. ಬಳಕೆಯಾಗದೆ ಮುಂದೆ ಹೋದ ಸವಕಳಿಗೆ ವರ್ಷ ವರ್ಷ ಬಡ್ಡಿ ಸೇರಿಸಲು ಬಿಡಿ. ಮೊದಲ ವರ್ಷದ 400ಕ್ಕೆ ಶೇ. 10 ಸೇರಿದರೆ ಎರಡನೇ ವರ್ಷ ಅದು 440. ಹೀಗೆ ಬೆಳೆಯುತ್ತಾ ಹೋದರೆ ಮೇಲಿನ ಉದಾಹರಣೆಯ ಹೊಸ ಕಂಪನಿಗೂ ಪೂರ್ತಿ 243.3 ದಕ್ಕುತ್ತದೆ. ಶೇ. 10 ಜಾಸ್ತಿ ಎನಿಸಿದರೆ ಸರ್ಕಾರ ತಾನು ಸಾಲ ತರುವ ದರವನ್ನಾದರೂ ಕೊಡಲಿ. ಆ ದರದಲ್ಲಿ ಲೆಕ್ಕ ಹಾಕಿದರೆ, ಅದೇ ಯಂತ್ರ ಕೊಂಡ ಲಾಭದ ಕಂಪನಿಗೆ ಆಗುವುದಕ್ಕಿಂತ ಬೊಕ್ಕಸಕ್ಕೆ ಹೆಚ್ಚಿನ ಖರ್ಚಿಲ್ಲ. ಕೊನೆವರೆಗೂ ಲಾಭವೇ ಕಾಣದ ಕಂಪನಿಗೆ ಇದರಿಂದ ಏನೂ ಸಿಗದು. ಹಾಗಾಗಿ ದುರುಪಯೋಗದ ಭಯವೂ ಕಡಿಮೆ.

ಮುಂದಿನ ಬಾರಿ ಸವಕಳಿ ದರ ಏರಿಸುವ ಕಡತ ನಿಮ್ಮ ಮೇಜಿಗೆ ಬಂದಾಗ ಅಧಿಕಾರಿಗಳಿಂದ ಎರಡು ಅಂಕಿ ಕೇಳಿ. ಲಾಭದಲ್ಲಿರುವ ಕಂಪನಿಗೆ ಇದರ ಇಂದಿನ ಬೆಲೆ ಎಷ್ಟು? ಮೊದಲೆರಡು ವರ್ಷ ಲಾಭವಿಲ್ಲದ ಕಂಪನಿಗೆ ಎಷ್ಟು? ಆ ಎರಡನ್ನೂ ಅಕ್ಕಪಕ್ಕ ಬರೆಸಿ, ಮಸೂದೆಯ ಜೊತೆ ಸದನದ ಮುಂದಿಡಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪ್ರಾಜೆಕ್ಟ್ ಲೆಕ್ಕ ಹಾಕುವ ಒಬ್ಬ ನಾಗರಿಕ