ತಪ್ಪು ಫಾರಂನಲ್ಲಿ ನನ್ನ ರಿಟರ್ನ್ ಸಲ್ಲಿಸಿರುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಾನು ದಾವಣಗೆರೆಯಲ್ಲಿ ವೈರಿಂಗ್ ಕಂಟ್ರಾಕ್ಟ್ ಮಾಡುವವನು. 2024-25ರ ಅಸೆಸ್‌ಮೆಂಟ್ ವರ್ಷದ ನನ್ನ ಆದಾಯ ತೆರಿಗೆ ರಿಟರ್ನನ್ನು ನೀವು 2,499 ರೂಪಾಯಿ ಪಡೆದು ಜುಲೈ 22ರಂದು ಐಟಿಆರ್-2ರಲ್ಲಿ ಸಲ್ಲಿಸಿದಿರಿ. ಸೆಪ್ಟೆಂಬರ್ 9ಕ್ಕೆ ಕಲಂ 139(9)ರ ನೋಟಿಸ್ ಬಂದಿದೆ: ರಿಟರ್ನ್ ದೋಷಪೂರಿತ, 15 ದಿನದೊಳಗೆ ಸರಿಪಡಿಸಿ ಎಂದು.

ನನ್ನ ಕಾಗದಗಳೆಲ್ಲ ನಿಮ್ಮ ಕೈಯಲ್ಲೇ ಇದ್ದವು. ಕಂಟ್ರಾಕ್ಟ್ ಜಮೆ 18,40,000, ಅದರ ಮೇಲೆ 194ಸಿ ಅಡಿ ಕಡಿತವಾದ ಟಿಡಿಎಸ್ 18,400, ನಾನು ಹೇಳಿದ ಲಾಭ 4,60,000. ಜೊತೆಗೆ ಷೇರು ಮಾರಿ ಆದ 64,000 ರೂಪಾಯಿ ಅಲ್ಪಾವಧಿ ನಷ್ಟ. ವ್ಯಾಪಾರದ ಆದಾಯ ಇರುವವರಿಗೆ ಐಟಿಆರ್-2 ಇಲ್ಲ. ಷೇರಿನ ಲೆಕ್ಕ ಇದ್ದದ್ದರಿಂದ ಐಟಿಆರ್-4 ಕೂಡ ನಡೆಯುತ್ತಿರಲಿಲ್ಲ. ಎರಡೂ ಇದ್ದವರಿಗೆ ಇರುವುದು ಐಟಿಆರ್-3. ನೀವೋ ನನ್ನ ಲಾಭವನ್ನು 'ಇತರ ಮೂಲ'ಕ್ಕೆ ಹಾಕಿ, ಟಿಡಿಎಸ್ ಮಾತ್ರ ವಾಪಸ್ ಕೇಳಿದಿರಿ. 26ಎಎಸ್‌ನಲ್ಲಿ ಕಂಟ್ರಾಕ್ಟ್ ಜಮೆ ಕಾಣುತ್ತದೆ, ರಿಟರ್ನಿನಲ್ಲಿ ವ್ಯಾಪಾರವೇ ಇಲ್ಲ. ನೋಟಿಸ್ ಬಂದದ್ದು ಅದಕ್ಕೇ.

ನಾಲ್ಕು ಸಲ ಫೋನ್ ಮಾಡಿ, ಕೊನೆಗೆ ಸೆಪ್ಟೆಂಬರ್ 13ರಂದು ನಿಮ್ಮ ಶಾಖೆಗೇ ಬಂದೆ. ಕೌಂಟರಿನಲ್ಲಿದ್ದ ಹುಡುಗ ನೋಟಿಸ್ ಓದದೆಯೇ "ಸಂಬಳ ಎಷ್ಟು ಸಾರ್?" ಅಂದ. ಸಂಬಳ ಇಲ್ಲಪ್ಪ, ಕಂಟ್ರಾಕ್ಟ್ ಅಂದೆ. "ಹಾಗಾದ್ರೆ ಫಾರಂ ತುಂಬುವಾಗ ನೀವೇ ಹೇಳ್ಬೇಕಿತ್ತು" ಅಂದ. ಅದನ್ನೇ ಹೇಳಿ ಜುಲೈನಲ್ಲಿ ನಿಮಗೆ ಕಳಿಸಿದ ವಾಟ್ಸಾಪ್ ಸಂದೇಶ ತೋರಿಸಿದೆ. ಅವನು ಕುರ್ಚಿಯಲ್ಲೇ ತಿರುಗಿ ಹಿಂದಿದ್ದವರಿಗೆ ಜೋರಾಗಿ, "ಇವ್ರಿಗೆ ಅರ್ಥ ಆಗ್ತಿಲ್ಲ, ಐಟಿಆರ್-3 ಅಂದ್ರೆ ಆಡಿಟ್ ಬೇಕು, ಇನ್ನೂ 6,000 ಆಗುತ್ತೆ ಅಂತ ಹೇಳಿ" ಅಂದ. ಸಾಲಿನಲ್ಲಿ ಏಳು ಜನರಿದ್ದರು, ನನ್ನ ಜೊತೆ ಕೆಲಸ ಕಲಿಯುವ ಹುಡುಗನೂ ಇದ್ದ. ತಲೆ ತಗ್ಗಿಸಿಕೊಂಡು ಹೊರಗೆ ಬಂದೆ.

ಆಡಿಟ್ ಬೇಕಿಲ್ಲ. ಐಟಿಆರ್-3ರಲ್ಲೂ 44ಎಡಿ ಅಡಿ ಅಂದಾಜು ಲಾಭ ತೋರಿಸಲು ಜಾಗವಿದೆ. ಬಾಕಿ ಬರಬೇಕಾದ್ದು, ಕೊಡಬೇಕಾದ್ದು, ದಾಸ್ತಾನು, ಕೈಯಲ್ಲಿರುವ ನಗದು ಇಷ್ಟು ತುಂಬಿದರೆ ಸಾಕು. ದಿನಕ್ಕೆ ನೂರು ರಿಟರ್ನ್ ಮಾಡುವ ನಿಮಗೆ ಇದನ್ನು ವೈರಿಂಗ್‌ನವನು ಹೇಳಿಕೊಡಬೇಕೇ?

ಗಡುವು ಮೀರಿದರೆ ಆ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದಾಗಬಹುದು. ಆಗ 18,400 ರೀಫಂಡ್ ನಿಲ್ಲುತ್ತದೆ. ಮತ್ತೆ ತಡವಾಗಿ ಸಲ್ಲಿಸಿದರೂ, ಎಂಟು ವರ್ಷ ಮುಂದಕ್ಕೆ ಒಯ್ಯಬಹುದಾಗಿದ್ದ 64,000 ನಷ್ಟ ಕೈತಪ್ಪುತ್ತದೆ.

ಆದ್ದರಿಂದ ಸೆಪ್ಟೆಂಬರ್ 20ರೊಳಗೆ, ಒಂದು ರೂಪಾಯಿಯೂ ಹೆಚ್ಚು ಪಡೆಯದೆ, ನೋಟಿಸ್ ಸಂಖ್ಯೆ ನಮೂದಿಸಿ ಐಟಿಆರ್-3ರಲ್ಲಿ ಉತ್ತರ ಸಲ್ಲಿಸಿ, ಸ್ವೀಕೃತಿ ನನಗೆ ಕಳಿಸಿ. ಇಲ್ಲದಿದ್ದರೆ 21ರಂದು ಬೇರೊಬ್ಬರಿಂದ ಮಾಡಿಸಿ, ಆ ಖರ್ಚು, ನಿಮ್ಮ ಶುಲ್ಕ ಮತ್ತು ಕೌಂಟರಿನ ಆ ಅವಮಾನ, ಮೂರನ್ನೂ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಇಡುತ್ತೇನೆ. ವಾಟ್ಸಾಪ್ ಸಂದೇಶದ ಪ್ರತಿ ಈಗಾಗಲೇ ಮುದ್ರಿಸಿಟ್ಟುಕೊಂಡಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ