ಪ್ರಮೋಷನ್ ಶಿಫಾರಸು ಪತ್ರ: ಶುಕ್ರವಾರದೊಳಗೆ ತಿದ್ದಿ ಕಳಿಸಿ

ಎಲ್ಲ ಟೀಮ್ ಲೀಡ್‌ಗಳಿಗೆ ನಮಸ್ಕಾರ. ನಿಮ್ಮ ಕರಡುಗಳನ್ನು ಓದಿದೆ. "ತುಂಬಾ ಶ್ರಮಜೀವಿ" ಅನ್ನೋದು ಎಲ್ಲದರಲ್ಲೂ ಇದೆ. ಅದನ್ನು ತೆಗೆದು, ಮಾಡಿದ ಕೆಲಸವನ್ನು ಬರೆಯಿರಿ.

ಒಂದು ಕರಡಿನಲ್ಲಿ ಹೀಗಿತ್ತು: "ಇವರು 312 ಟಿಕೆಟ್ ಮುಗಿಸಿದ್ದಾರೆ, ಅದೇ ಗ್ರೇಡಿನ ಇನ್ನೊಬ್ಬರು ಬರೀ 210." ನೋಡೋಕೆ ಭಾರೀ ವ್ಯತ್ಯಾಸ, ಅಲ್ವಾ? ಆದರೆ ಆ ಇನ್ನೊಬ್ಬರು ಹೆರಿಗೆ ರಜೆಯಲ್ಲಿದ್ದರು, ಕೆಲಸ ಮಾಡಿದ್ದು 7 ತಿಂಗಳು ಮಾತ್ರ. ತಿಂಗಳಿಗೆ ಲೆಕ್ಕ ಹಾಕಿದರೆ ಇವರದು 26, ಅವರದು 30. ಹೋಲಿಕೆಯೇ ತಲೆಕೆಳಗಾಯಿತು! ಹಾಗಾಗಿ ಒಟ್ಟು ಸಂಖ್ಯೆ ಬೇಡ, ಕೆಲಸ ಮಾಡಿದ ತಿಂಗಳಿಂದ ಭಾಗಿಸಿ. ಪಾಸ್‌ವರ್ಡ್ ರೀಸೆಟ್‌ನಂಥ ಐದು ನಿಮಿಷದ ಟಿಕೆಟ್‌ಗಳನ್ನು ಬೇರೆ ಎಣಿಸಿ.

ಅದೇ ಪತ್ರದಲ್ಲಿ "ಟಿಕೆಟ್ ಬಗೆಹರಿಸುವ ಸರಾಸರಿ ಸಮಯ 9 ಗಂಟೆಯಿಂದ 6ಕ್ಕೆ ಇಳಿಸಿದರು" ಅಂತಲೂ ಇದೆ. ಒಳ್ಳೆಯದೇ. ಆದರೆ ಜುಲೈನಲ್ಲಿ ಹೊಸ ಟೂಲ್ ಬಂದ ಮೇಲೆ ಇಡೀ ತಂಡದ್ದೇ 9ರಿಂದ 7ಕ್ಕೆ ಇಳಿದಿದೆ. ಅದನ್ನೂ ಪಕ್ಕದಲ್ಲೇ ಬರೆಯಿರಿ. ಮುಚ್ಚಿಟ್ಟರೆ ಕಮಿಟಿಯವರು ಕೇಳಿಯೇ ಕೇಳುತ್ತಾರೆ, ಆಮೇಲೆ ಪತ್ರದ ಉಳಿದ ಮಾತನ್ನೂ ನಂಬುವುದಿಲ್ಲ.

ನಾನು ತಿದ್ದಿದ ಸಾಲು: "ರೀಸೆಟ್ ಬಿಟ್ಟು ತಿಂಗಳಿಗೆ ಸರಾಸರಿ 19 ಟಿಕೆಟ್; ಇದೇ ಗ್ರೇಡಿನ ಆರು ಜನರಲ್ಲಿ ಮೂರನೇ ಸ್ಥಾನ. ಬಗೆಹರಿಸುವ ಸಮಯ 6 ಗಂಟೆ, ತಂಡದ ಸರಾಸರಿ 7." ಮೂರನೇ ಸ್ಥಾನ ಅಂತ ಬರೆಯೋಕೆ ಸಂಕೋಚ ಬೇಡ. ಸಹೋದ್ಯೋಗಿಗಳ ಹೆಸರು ಮಾತ್ರ ಪತ್ರದಲ್ಲಿ ಬರಬಾರದು.

ಲೆಕ್ಕದ ಶೀಟನ್ನು ಗ್ರೂಪಿಗೆ ಹಾಕಬೇಡಿ, ನನಗೆ ಪ್ರತ್ಯೇಕವಾಗಿ ಕಳಿಸಿ.